ಗೇಟಿನ ಬೋರ್ಡು ಹೇಳದ ಮಾತುಗಳು: ಥಂಬ್ ಮೆಷಿನ್ ಮತ್ತು ಕ್ಯಾಮೆರಾ ಕುರಿತ ನೋಟಿಸು ಬರೆಯುವ ಬಗೆ

(ಬೆಂಗಳೂರಿನ ಗಾರ್ಮೆಂಟ್ ಘಟಕಗಳ ಎಚ್‌ಆರ್ ಸಿಬ್ಬಂದಿ, ಸೂಪರ್‌ವೈಸರ್‌ಗಳು ಮತ್ತು ಕಾರ್ಮಿಕ ಪ್ರತಿನಿಧಿಗಳ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ನಿಮ್ಮಲ್ಲಿ ಬಹುತೇಕರ ಕಾರ್ಖಾನೆಯ ಗೇಟಿನ ಹತ್ತಿರ ಒಂದು ಬೋರ್ಡು ಇದ್ದೇ ಇರುತ್ತದೆ: ‘ನೀವು ಸಿಸಿಟಿವಿ ಕಣ್ಗಾವಲಿನಲ್ಲಿದ್ದೀರಿ.’ ಅದರ ಪಕ್ಕದಲ್ಲೇ ಹಾಜರಾತಿಯ ಥಂಬ್ ಮೆಷಿನ್. ಆ ಬೋರ್ಡು ಹೊರಗಿನಿಂದ ಬರುವ ಕಳ್ಳನನ್ನು ಉದ್ದೇಶಿಸಿ ಬರೆದದ್ದು. ಒಳಗೆ ದಿನವಿಡೀ ಹೊಲಿಗೆ ಯಂತ್ರದ ಮುಂದೆ ಕೂರುವ ಹೆಣ್ಣುಮಗಳಿಗೆ ಅದರಿಂದ ಏನೂ ತಿಳಿಯುವುದಿಲ್ಲ. ನನ್ನ ಚಿತ್ರ ಯಾಕೆ ಹಿಡಿಯುತ್ತಿದ್ದಾರೆ, ಯಾವ್ಯಾವ ಕಡೆ ಹಿಡಿಯುತ್ತಾರೆ, ಎಷ್ಟು ದಿನ ಇಟ್ಟುಕೊಳ್ಳುತ್ತಾರೆ, ಅದನ್ನು ನೋಡುವವರು ಯಾರು, ನನ್ನ ಬೆರಳಿನ ಗುರುತು ನಾನು ಕೆಲಸ ಬಿಟ್ಟ ಮೇಲೆ ಎಲ್ಲಿರುತ್ತದೆ? ಕಾರ್ಮಿಕರಿಗೆ ಕೊಡುವ ನೋಟಿಸು ಈ ಪ್ರಶ್ನೆಗಳಿಗೆ ಉತ್ತರವಾಗಬೇಕು. ಅದನ್ನು ಹೇಗೆ ಬರೆಯುವುದು ಎಂಬುದನ್ನಷ್ಟೇ ಇವತ್ತು ಮಾತಾಡುತ್ತೇನೆ.

ನನ್ನ ಮುಖ್ಯ ಮಾತು ಒಂದೇ. ನೋಟಿಸನ್ನು ಆಫೀಸಿನ ಮೇಜಿನ ಮುಂದೆ ಕೂತು ಬರೆಯಬೇಡಿ. ಕ್ಯಾಮೆರಾದ ದೃಶ್ಯಗಳನ್ನು ಉಳಿಸಿಡುವ ಡಿವಿಆರ್ ಯಂತ್ರ ಇರುವ ಕೋಣೆಗೆ ಹೋಗಿ, ಥಂಬ್ ಮೆಷಿನ್ನಿನ ಮೆನು ತೆರೆದು, ಅಲ್ಲಿ ಇರುವುದನ್ನು ನೋಡಿಕೊಂಡು ಬರೆಯಿರಿ. ನಾನು ನೋಡಿರುವ ಕೆಟ್ಟ ನೋಟಿಸುಗಳಲ್ಲಿ ಹೆಚ್ಚಿನವು ಭಾಷೆಯಲ್ಲಿ ಕೆಟ್ಟವಲ್ಲ. ಬರೆದದ್ದಕ್ಕೂ ಯಂತ್ರ ಮಾಡುತ್ತಿರುವುದಕ್ಕೂ ತಾಳೆಯಾಗದೇ ಕೆಟ್ಟವು.

ಮೊದಲು ಕಾನೂನಿನ ಬಗ್ಗೆ ಸ್ವಲ್ಪ. ಇದರಲ್ಲಿ ಈಗ ದೊಡ್ಡ ಗೊಂದಲವಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆಯ 7ನೇ ಸೆಕ್ಷನ್ನಿನಲ್ಲಿ, ಉದ್ಯೋಗದ ಉದ್ದೇಶಕ್ಕೆ ಅಥವಾ ಮಾಲೀಕರನ್ನು ನಷ್ಟದಿಂದ ಕಾಪಾಡುವ ಉದ್ದೇಶಕ್ಕೆ ನೌಕರರ ಮಾಹಿತಿಯನ್ನು ಒಪ್ಪಿಗೆ ಇಲ್ಲದೆಯೂ ಬಳಸಬಹುದು ಎಂದಿದೆ. ಆ ಕಾಯ್ದೆಯ 5ನೇ ಸೆಕ್ಷನ್ನಿನ ನೋಟಿಸು ಒಪ್ಪಿಗೆ ಕೇಳುವಾಗ ಜೊತೆಗೆ ಕೊಡಬೇಕಾದದ್ದು. ಇವೆರಡನ್ನೂ ಕೂಡಿಸಿ ಕೆಲವು ಸಲಹೆಗಾರರು, ‘ಒಪ್ಪಿಗೆಯೇ ಬೇಡ ಎಂದ ಮೇಲೆ ನೋಟಿಸು ಯಾಕೆ’ ಎನ್ನುತ್ತಾರೆ. ಈ ವಾದ ಎರಡು ಕಡೆ ಮುಗ್ಗರಿಸುತ್ತದೆ. ಒಂದು, ಆ ಸೆಕ್ಷನ್ನುಗಳು ಇನ್ನೂ ಜಾರಿಯಲ್ಲಿಲ್ಲ. 2025ರ ನವೆಂಬರಿನಲ್ಲಿ ಹೊರಬಿದ್ದ ಅಧಿಸೂಚನೆಯ ಪ್ರಕಾರ ಅವಕ್ಕೆ 18 ತಿಂಗಳ ಕಾಲಾವಕಾಶವಿದೆ, ಅಂದರೆ 2027ರ ಮೇ ತಿಂಗಳು. ಅಲ್ಲಿಯವರೆಗೆ ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿಯ 2011ರ ನಿಯಮಗಳೇ ನಡೆಯುತ್ತವೆ. ಅವುಗಳಲ್ಲಿ ಬಯೋಮೆಟ್ರಿಕ್ ಮಾಹಿತಿಯನ್ನು ಸೂಕ್ಷ್ಮ ಮಾಹಿತಿಯ ಪಟ್ಟಿಗೆ ಸೇರಿಸಲಾಗಿದೆ. ಕಂಪನಿಯು ಅದನ್ನು ಪಡೆಯುವ ಮೊದಲು ಉದ್ದೇಶ ತಿಳಿಸಿ ಲಿಖಿತ ಒಪ್ಪಿಗೆ ಪಡೆಯಬೇಕು, ಯಾರ ಕೈಗೆ ಹೋಗುತ್ತದೆ ಎಂದು ಹೇಳಬೇಕು, ಬೇಕಾದ್ದಕ್ಕಿಂತ ಹೆಚ್ಚು ಕಾಲ ಇಟ್ಟುಕೊಳ್ಳಬಾರದು. ಎರಡು, ಹೊಸ ಕಾಯ್ದೆ ಪೂರ್ತಿ ಜಾರಿಗೆ ಬಂದಾಗಲೂ 8ನೇ ಸೆಕ್ಷನ್ನಿನ ಹೊಣೆಗಳು ಹಾಗೇ ನಿಲ್ಲುತ್ತವೆ: ಭದ್ರವಾಗಿಡಬೇಕು, ಸೋರಿಕೆಯಾದರೆ ತಿಳಿಸಬೇಕು, ಉದ್ದೇಶ ಮುಗಿದ ಮೇಲೆ ಅಳಿಸಬೇಕು. ಭದ್ರತೆಯಲ್ಲಿ ಸೋತರೆ ದಂಡ 250 ಕೋಟಿ ರೂಪಾಯಿಯವರೆಗೆ ಹೋಗಬಹುದು. ಉದ್ದೇಶ ಇಂಥದ್ದು ಎಂದು ಎಲ್ಲೂ ಬರೆದೇ ಇಡದ ಮಾಲೀಕರು, ಆ ಉದ್ದೇಶ ಯಾವಾಗ ಮುಗಿಯಿತು ಎಂದು ಹೇಗೆ ತೋರಿಸುತ್ತಾರೆ?

ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ಹೇಳಿದ್ದು ನಮ್ಮವರೇ ಆದ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹೂಡಿದ ಪ್ರಕರಣದಲ್ಲಿ. ಉದ್ದೇಶ ನ್ಯಾಯವಾದದ್ದೇ, ಹಿಡಿದ ದಾರಿ ಆ ಉದ್ದೇಶಕ್ಕೆ ತಕ್ಕಷ್ಟೇ ಇದೆಯೇ ಎಂಬ ಅಳತೆಗೋಲು ಆ ತೀರ್ಪಿನಿಂದ ಬಂದದ್ದು. ಅದು ಸರ್ಕಾರದ ಕ್ರಮಗಳನ್ನು ಅಳೆಯಲು ಹುಟ್ಟಿದ ಕೋಲು ನಿಜ. ಆದರೆ ಕಾರ್ಖಾನೆಯ ಒಂದೊಂದು ಕ್ಯಾಮೆರಾದ ಮುಂದೆಯೂ ಅದನ್ನು ಹಿಡಿದು ನೋಡಿದರೆ ನೋಟಿಸು ಅರ್ಧ ಬರೆದಂತೆಯೇ.

ಈಗ ಒಂದು ಘಟಕವನ್ನು ಕಣ್ಣ ಮುಂದೆ ಇಟ್ಟುಕೊಳ್ಳೋಣ. 300 ಜನ ಕೆಲಸಗಾರರು, 16 ಕ್ಯಾಮೆರಾ, ಗೇಟಿನಲ್ಲಿ ಎರಡು ಥಂಬ್ ಮೆಷಿನ್, ಸೆಕ್ಯುರಿಟಿ ಕೋಣೆಯಲ್ಲಿ ಒಂದು ಡಿವಿಆರ್, ಅದರಲ್ಲಿ 4 ಟಿಬಿ ಹಾರ್ಡ್ ಡಿಸ್ಕ್. ಪೀಣ್ಯದಲ್ಲಾಗಲಿ ಬೊಮ್ಮನಹಳ್ಳಿಯಲ್ಲಾಗಲಿ ಇಂಥ ಘಟಕ ಅಪರೂಪವಲ್ಲ.

ಉದ್ದೇಶದಿಂದ ಶುರುಮಾಡೋಣ. ಸಾಮಾನ್ಯವಾಗಿ ಬರೆಯುವ ಸಾಲು ಹೀಗಿರುತ್ತದೆ: ‘ಸುರಕ್ಷತೆ, ಶಿಸ್ತು, ಉತ್ಪಾದಕತೆ ಹಾಗೂ ಇತರ ಆಡಳಿತಾತ್ಮಕ ಕಾರಣಗಳಿಗಾಗಿ.’ ಈ ‘ಇತರ’ ಇದೆಯಲ್ಲ, ಅದು ಬಂತೆಂದರೆ ಮುಂದಿನ ಯಾವ ಮಿತಿಗೂ ಅರ್ಥವಿಲ್ಲ. ಸ್ಟೋರಿನಲ್ಲಿ ಬಟ್ಟೆ ಕಳುವಾಗಬಾರದೆಂದು ಹಾಕಿದ ಕ್ಯಾಮೆರಾದಲ್ಲಿ ಮುಂದೊಂದು ದಿನ ಯಾರು ಎಷ್ಟು ಸಲ ಶೌಚಾಲಯಕ್ಕೆ ಎದ್ದು ಹೋದರು, ಎಷ್ಟು ನಿಮಿಷಕ್ಕೆ ವಾಪಸು ಬಂದರು ಎಂದು ಎಣಿಸಲು ಕೂರುತ್ತಾರೆ. ಹಾಗಾಗಿ ಯಂತ್ರಕ್ಕೊಂದು ಉದ್ದೇಶ ಬರೆಯಿರಿ. ಥಂಬ್ ಮೆಷಿನ್: ‘ಬಂದ ಹೊತ್ತು, ಹೋದ ಹೊತ್ತು ದಾಖಲಿಸಿ ಸಂಬಳ ಮತ್ತು ಓಟಿ ಲೆಕ್ಕ ಹಾಕಲು.’ ಫ್ಲೋರಿನ ಕ್ಯಾಮೆರಾ: ‘ಬೆಂಕಿ, ಅಪಘಾತ, ಜಗಳ ಅಥವಾ ಕಳವು ನಡೆದಾಗ ಏನಾಯಿತೆಂದು ತಿಳಿಯಲು.’ ಆಮೇಲೆ ಒಂದು ಸಾಲು ಬೇರೆಯಾಗಿ: ‘ಟಾರ್ಗೆಟ್ ಅಳೆಯಲು, ವಿರಾಮದ ಹೊತ್ತು ಎಣಿಸಲು, ಯೂನಿಯನ್ ಸಭೆಗೆ ಯಾರು ಹೋದರೆಂದು ನೋಡಲು ಈ ಚಿತ್ರಗಳನ್ನು ಬಳಸುವುದಿಲ್ಲ.’ ಈ ಸಾಲಿಗೆ ಸಹಿ ಹಾಕಲು ಆಡಳಿತ ಮಂಡಳಿ ಹಿಂದೇಟು ಹಾಕಿದರೆ, ಅಸಲಿ ಉದ್ದೇಶ ಯಾವುದೆಂದು ಅಲ್ಲೇ ಗೊತ್ತಾಗುತ್ತದೆ. ಆ ಮಾತುಕತೆ ನೋಟಿಸು ಅಂಟಿಸುವ ಮೊದಲೇ ನಡೆಯಲಿ.

ಜಾಗಗಳ ವಿಚಾರದಲ್ಲಿ ಎಲ್ಲರೂ ಮಾಡುವುದು ಕ್ಯಾಮೆರಾ ಎಲ್ಲಿ ನೇತುಹಾಕಿದೆ ಎಂದು ಬರೆಯುವುದು. ಬೇಕಾದದ್ದು ಅದು ಏನನ್ನು ನೋಡುತ್ತಿದೆ ಎಂಬುದು. ಡಿವಿಆರ್ ಪರದೆಯಲ್ಲಿ ಒಂದೊಂದೇ ಚೌಕವನ್ನು ದೊಡ್ಡದು ಮಾಡಿ ನೋಡುತ್ತಾ ಬನ್ನಿ. ‘9ನೇ ಕ್ಯಾಮೆರಾ, ಕಾರಿಡಾರ್’ ಎಂದು ಹೆಸರಿಟ್ಟದ್ದರಲ್ಲಿ ಮಹಿಳೆಯರ ವಿಶ್ರಾಂತಿ ಕೋಣೆಯ ಬಾಗಿಲು ತೆರೆದಾಗಲೆಲ್ಲ ಒಳಗಿನದು ಕಾಣುತ್ತಿರುತ್ತದೆ. ಶಿಶುವಿಹಾರದ ಕ್ಯಾಮೆರಾ ಮಕ್ಕಳ ಸುರಕ್ಷತೆಗೆಂದು ಹಾಕಿದ್ದು, ಅದರ ಮೂಲೆಯಲ್ಲೇ ತಾಯಂದಿರು ಹಾಲೂಡಿಸಲು ಕೂರುತ್ತಾರೆ. ಇವು ಯಾರೂ ಬೇಕೆಂದು ಮಾಡಿದ್ದಲ್ಲ. ಏಣಿ ಹತ್ತಿ ಕ್ಯಾಮೆರಾ ಒರೆಸಿದವರು ಕೋನ ಬದಲಿಸಿ ಇಳಿದಿರುತ್ತಾರೆ, ಅಷ್ಟೇ. ಆದರೆ ಬಟ್ಟೆ ಬದಲಿಸುವ ಅಥವಾ ಶೌಚದ ಜಾಗದಲ್ಲಿರುವ ಮಹಿಳೆಯನ್ನು ಕದ್ದು ನೋಡುವುದು, ಚಿತ್ರ ಹಿಡಿಯುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಸೆಕ್ಷನ್ನಿನಲ್ಲಿ ಅಪರಾಧ. ಹಾಗಾಗಿ ಕೋನ ಸರಿಪಡಿಸಿ, ಆಗದಿದ್ದರೆ ಡಿವಿಆರ್‌ನಲ್ಲೇ ಆ ಭಾಗವನ್ನು ಕಪ್ಪು ಚೌಕದಿಂದ ಮುಚ್ಚುವ ಸೌಲಭ್ಯವಿರುತ್ತದೆ, ಅದನ್ನು ಹಾಕಿ. ಆಮೇಲೆ ಆ 16 ಕ್ಯಾಮೆರಾಗಳ ನೋಟದ ಸರಳ ನಕ್ಷೆಯೊಂದನ್ನು ನೋಟಿಸಿನ ಕೆಳಗೆ ಅಂಟಿಸಿ.

ಇದೇ ಹೊತ್ತಿನಲ್ಲಿ ಧ್ವನಿಯನ್ನೂ ನೋಡಿ. ಈಗಿನ ಎಷ್ಟೋ ಕ್ಯಾಮೆರಾಗಳಲ್ಲಿ ಮೈಕ್ ಇರುತ್ತದೆ. ಅದು ಚಾಲೂ ಇದೆಯೋ ಇಲ್ಲವೋ ಎಂದು ಮಾಲೀಕರಿಗೂ ಗೊತ್ತಿರುವುದಿಲ್ಲ. ಒಂದು ನಿಮಿಷದ ತುಣುಕನ್ನು ಪ್ಲೇ ಮಾಡಿ ಕೇಳಿದರೆ ತಿಳಿಯುತ್ತದೆ. ಆಫ್ ಮಾಡಿ, ‘ಮಾತು ಧ್ವನಿಮುದ್ರಣವಾಗುವುದಿಲ್ಲ’ ಎಂದು ಬರೆಯಿರಿ. ಇಬ್ಬರು ಗೆಳತಿಯರು ಊಟದ ಹೊತ್ತಿನಲ್ಲಿ ಆಡುವ ಮಾತಿಗೂ ಬಟ್ಟೆ ಕಳವಿಗೂ ಯಾವ ಸಂಬಂಧವೂ ಇಲ್ಲ.

ಇನ್ನು ಎಷ್ಟು ದಿನ ಇಡುವುದು ಎಂಬ ವಿಷಯ. ಇದರಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಹೆಚ್ಚಿನ ನೋಟಿಸುಗಳು ಸುಳ್ಳಾಗುವುದು ಇಲ್ಲೇ.

ಕರ್ನಾಟಕದಲ್ಲಿ 2017ರ ಸಾರ್ವಜನಿಕ ಸುರಕ್ಷತಾ (ಕ್ರಮಗಳ) ಜಾರಿ ಕಾಯ್ದೆ ಇದೆ. ಏಕಕಾಲಕ್ಕೆ 100 ಅಥವಾ ದಿನಕ್ಕೆ 500 ಜನ ಸೇರುವ ಸಂಸ್ಥೆಗಳು ಕ್ಯಾಮೆರಾ ಹಾಕಬೇಕು, ದೃಶ್ಯಗಳನ್ನು 30 ದಿನ ಇಡಬೇಕು ಎನ್ನುತ್ತದೆ ಅದು. ಕೈಗಾರಿಕಾ ಘಟಕಗಳೂ ಅದರ ವ್ಯಾಪ್ತಿಗೆ ಬರುತ್ತವೆ. ಹಾಗಾಗಿ ನಮ್ಮ ಘಟಕ ನೋಟಿಸಿನಲ್ಲಿ ‘30 ದಿನ’ ಎಂದು ಬರೆಯುತ್ತದೆ. ಸರಿ. ಈಗ ಡಿಸ್ಕಿನ ಲೆಕ್ಕ ಮಾಡೋಣ. 2 ಮೆಗಾಪಿಕ್ಸೆಲ್ ಕ್ಯಾಮೆರಾ ಒಂದು ಸೆಕೆಂಡಿಗೆ ಸುಮಾರು 2 ಮೆಗಾಬಿಟ್ ಬರೆಯುತ್ತದೆ ಎನ್ನಿ. ದಿನಕ್ಕೆ 86,400 ಸೆಕೆಂಡು. ಗುಣಿಸಿ, 8ರಿಂದ ಭಾಗಿಸಿದರೆ ಒಂದು ಕ್ಯಾಮೆರಾಗೆ ದಿನಕ್ಕೆ 21.6 ಜಿಬಿ. 16 ಕ್ಯಾಮೆರಾಗೆ ಹತ್ತಿರ ಹತ್ತಿರ 346 ಜಿಬಿ. ಅಂದರೆ 4 ಟಿಬಿ ಡಿಸ್ಕು ಹನ್ನೊಂದು ದಿನಕ್ಕೇ ತುಂಬುತ್ತದೆ. ಹನ್ನೆರಡನೇ ದಿನ ಡಿವಿಆರ್ ಯಾರನ್ನೂ ಕೇಳದೆ ಮೊದಲ ದಿನದ ದೃಶ್ಯದ ಮೇಲೆ ಹೊಸದನ್ನು ಬರೆಯುತ್ತದೆ. ನೋಟಿಸು 30 ಎನ್ನುತ್ತದೆ, ಕೈಯಲ್ಲಿರುವುದು 11. 30 ದಿನಕ್ಕೆ ಬೇಕಾದದ್ದು 10.4 ಟಿಬಿ, ಅಂದರೆ 12 ಟಿಬಿಯ ವ್ಯವಸ್ಥೆ.

ಇದು ಉಲ್ಟಾ ಆಗುವುದೂ ಉಂಟು. ಚಲನೆ ಕಂಡಾಗ ಮಾತ್ರ ರೆಕಾರ್ಡ್ ಮಾಡುವಂತೆ ಯಾರೋ ಸೆಟ್ ಮಾಡಿರುತ್ತಾರೆ. ರಾತ್ರಿ, ಭಾನುವಾರ ಏನೂ ಬರೆಯುವುದಿಲ್ಲ. ಆಗ 12 ಟಿಬಿ ಡಿಸ್ಕಿನಲ್ಲಿ ಎರಡು ಮೂರು ತಿಂಗಳ ಹಿಂದಿನದೂ ಉಳಿದುಕೊಂಡಿರುತ್ತದೆ. ನೋಟಿಸಿನಲ್ಲಿ ಬರೆದ 30 ದಿನ ಕಳೆದ ಮೇಲೂ ಕೆಲಸಗಾರರ ಚಿತ್ರಗಳು ಸುಮ್ಮನೆ ಬಿದ್ದಿರುತ್ತವೆ. ಇದಕ್ಕೆ ಹೆಚ್ಚಿನ ಯಂತ್ರಗಳಲ್ಲಿ ಇಷ್ಟು ದಿನಕ್ಕೆ ಅಳಿಸು ಎಂದು ಹೇಳುವ ಸೆಟ್ಟಿಂಗ್ ಇರುತ್ತದೆ, ಹೊಸದಾಗಿ ಬಂದಾಗ ಅದು ಸಾಮಾನ್ಯವಾಗಿ ಸೊನ್ನೆಯಲ್ಲಿರುತ್ತದೆ, ಅಂದರೆ ದಿನ ನೋಡಿ ಅಳಿಸುವುದಿಲ್ಲ. ಹಾಕಿಸಿಕೊಳ್ಳುವುದು ನಿಮ್ಮ ಕೆಲಸ. ಪರೀಕ್ಷೆ ಸುಲಭ: ತಿಂಗಳಿಗೊಮ್ಮೆ ಪ್ಲೇಬ್ಯಾಕ್ ತೆರೆದು ಅತ್ಯಂತ ಹಳೆಯ ದಿನಾಂಕ ಯಾವುದೆಂದು ನೋಡಿ ರಿಜಿಸ್ಟರಿನಲ್ಲಿ ಬರೆಯಿರಿ. ಹಾಗೇ ಡಿವಿಆರ್ ಗಡಿಯಾರವನ್ನೂ ಥಂಬ್ ಮೆಷಿನ್ ಗಡಿಯಾರವನ್ನೂ ಹೋಲಿಸಿ. ಇವು ಹತ್ತು ಹದಿನೈದು ನಿಮಿಷ ಹಿಂದೆ ಮುಂದೆ ಇದ್ದು, ಗೇಟಿಗೆ ಹೊತ್ತಿಗೆ ಸರಿಯಾಗಿ ಬಂದವರೂ ತಡವಾಗಿ ಬಂದಂತೆ ಕಾಣುವುದುಂಟು.

ಒಂದು ವಿಷಯವನ್ನು ಹೆಣ್ಣುಮಕ್ಕಳ ಪರವಾಗಿ ಬಿಡಿಸಿ ಹೇಳಬೇಕು. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಡಿ ಆಂತರಿಕ ಸಮಿತಿಗೆ ದೂರು ಕೊಡಲು 3 ತಿಂಗಳ ಅವಕಾಶವಿದೆ. ಕ್ಯಾಮೆರಾ ಉಳಿಸಿಕೊಳ್ಳುವುದು 30 ದಿನ. ಹೆದರಿಕೆಯಲ್ಲಿ, ಮನೆಯವರಿಗೆ ಹೇಗೆ ಹೇಳುವುದೆಂಬ ಚಿಂತೆಯಲ್ಲಿ ನಲವತ್ತು ದಿನ ಕಳೆದು ದೂರು ಕೊಟ್ಟವಳಿಗೆ ಕಾನೂನು ಬಾಗಿಲು ತೆರೆದಿರುತ್ತದೆ, ಸಾಕ್ಷಿ ಮಾತ್ರ ಅಳಿಸಿಹೋಗಿರುತ್ತದೆ. ಹಾಗೆಂದು ಎಲ್ಲರ ಚಿತ್ರವನ್ನೂ 3 ತಿಂಗಳು ಇಡುವುದು ಪರಿಹಾರವಲ್ಲ, ಅದರಿಂದ ಬೇರೆ ಅಪಾಯಗಳು ಹುಟ್ಟುತ್ತವೆ. ನಾನು ಬರೆಸುವ ಸಾಲು ಇದು: ‘ಯಾವುದೇ ಘಟನೆಯ ದೃಶ್ಯವನ್ನು ತೆಗೆದಿಡಿ ಎಂದು ಕೆಲಸಗಾರರು ಬಾಯಿಮಾತಿನಲ್ಲಿ ಕೇಳಿದರೂ ಅದೇ ದಿನ ಆ ಹೊತ್ತಿನ ಪ್ರತಿಯನ್ನು ಬೇರೆ ಡಿಸ್ಕಿಗೆ ತೆಗೆದಿಡಲಾಗುವುದು. ಕಾರಣ ಹೇಳಬೇಕಿಲ್ಲ. ದೂರು ಇತ್ಯರ್ಥವಾಗುವವರೆಗೆ ಅದನ್ನು ಅಳಿಸುವುದಿಲ್ಲ.’ ಇದರಿಂದ ಆಕೆ ದೂರು ಕೊಡುವ ಧೈರ್ಯ ಬರುವ ಮೊದಲೇ ಸಾಕ್ಷಿಯನ್ನು ಉಳಿಸಿಕೊಳ್ಳಬಹುದು. ಈ ಒಂದು ಸಾಲನ್ನು ಹೊಸದಾಗಿ ಸೇರುವವರಿಗೆ ಓದಿ ಹೇಳಿ, ಅಂಟಿಸಿ ಬಿಡಬೇಡಿ. ಪ್ರತಿ ತೆಗೆಯುವಾಗ ಯಾರು, ಯಾವಾಗ, ಯಾವ ಯಂತ್ರದಿಂದ ಎಂದು ಬರೆದಿಡಿ. ಮುಂದೆ ಕೋರ್ಟಿಗೆ ಹೋದರೆ ಡಿಜಿಟಲ್ ದಾಖಲೆಯ ಜೊತೆ ಕೊಡಬೇಕಾದ, ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನ ಪ್ರಮಾಣಪತ್ರಕ್ಕೆ ಅದು ಬೇಕಾಗುತ್ತದೆ.

ಹೊಸ ದತ್ತಾಂಶ ಕಾಯ್ದೆಯಡಿಯ 2025ರ ನಿಯಮಗಳಲ್ಲಿ ಕೆಲವು ಸರ್ಕಾರಿ ಉದ್ದೇಶಗಳಿಗಾಗಿ ವೈಯಕ್ತಿಕ ಮಾಹಿತಿ ಮತ್ತು ಲಾಗ್‌ಗಳನ್ನು ಕನಿಷ್ಠ 1 ವರ್ಷ ಇಡಬೇಕೆಂಬ ಮಾತೂ ಬಂದಿದೆ. ಅದು ಜಾರಿಯಾಗುವ ಮೊದಲು ಅವಧಿಯ ಸಾಲನ್ನು ನಿಮ್ಮ ವಕೀಲರ ಜೊತೆ ಕೂತು ಮತ್ತೊಮ್ಮೆ ನೋಡಲೇಬೇಕು. ನೋಟಿಸಿನ ತಲೆಯ ಮೇಲೆ ಬರೆದ ದಿನಾಂಕವನ್ನೂ ಮರುಪರಿಶೀಲನೆಯ ದಿನಾಂಕವನ್ನೂ ಹಾಕಿ ಎನ್ನುವುದು ಅದಕ್ಕೇ.

ಈಗ ಬೆರಳಿನ ವಿಷಯ. ಥಂಬ್ ಮೆಷಿನ್ ಸಾಮಾನ್ಯವಾಗಿ ಬೆರಳಚ್ಚಿನ ಚಿತ್ರವನ್ನೇ ಇಟ್ಟುಕೊಳ್ಳುವುದಿಲ್ಲ. ಗೆರೆಗಳು ಎಲ್ಲಿ ಮುಗಿಯುತ್ತವೆ, ಎಲ್ಲಿ ಕವಲೊಡೆಯುತ್ತವೆ ಎಂಬ ಗುರುತುಗಳನ್ನು ಅಂಕಿಗಳಾಗಿ ಮಾಡಿ ಇಡುತ್ತದೆ, ಅದಕ್ಕೆ ಟೆಂಪ್ಲೇಟ್ ಎನ್ನುತ್ತಾರೆ. ಇದನ್ನೇ ಹಿಡಿದು ಮಾರುವವರು ‘ಇದು ಪೂರ್ತಿ ಸುರಕ್ಷಿತ’ ಎನ್ನುತ್ತಾರೆ. ಅಷ್ಟು ಸರಳವಿಲ್ಲ. ಆ ಅಂಕಿಗಳೂ ಒಬ್ಬ ವ್ಯಕ್ತಿಯನ್ನು ಗುರುತಿಸುತ್ತವೆ, ಮತ್ತು ಪಾಸ್‌ವರ್ಡ್ ಸೋರಿದರೆ ಬದಲಿಸಿದಂತೆ ಬೆರಳನ್ನು ಬದಲಿಸಲಾಗುವುದಿಲ್ಲ.

ಟೆಂಪ್ಲೇಟ್ ಎಲ್ಲೆಲ್ಲಿ ಇದೆ ಎಂದು ಹುಡುಕಿ. ನಮ್ಮ ಘಟಕದಲ್ಲಿ ಒಂದನೇ ಮೆಷಿನ್ನಿನಲ್ಲಿದೆ, ಎರಡನೆಯದರಲ್ಲಿದೆ, ಎಚ್‌ಆರ್ ಕಂಪ್ಯೂಟರಿನ ಸಾಫ್ಟ್‌ವೇರಿನಲ್ಲಿದೆ, ಅದರ ಬ್ಯಾಕಪ್ಪಿನಲ್ಲೂ ಇದೆ. ಕೆಲಸಗಾರ ಬಿಟ್ಟುಹೋದಾಗ ಎಚ್‌ಆರ್‌ನವರು ಸಂಬಳದ ಪಟ್ಟಿಯಿಂದ ಹೆಸರು ತೆಗೆಯುತ್ತಾರೆ. ಗೋಡೆಯ ಮೇಲಿನ ಮೆಷಿನ್ನಿಗೆ ಅಳಿಸುವ ಆದೇಶ ಬೇರೆಯಾಗಿ ಹೋಗಬೇಕು, ಅದು ಹೋಗಿರುವುದಿಲ್ಲ. ಎರಡು ವರ್ಷದ ಹಿಂದೆ ಬಿಟ್ಟವರು ಬಂದು ಬೆರಳಿಟ್ಟರೂ ಮೆಷಿನ್ ಹೆಸರು ಹೇಳಿ ಸ್ವಾಗತಿಸುತ್ತದೆ. ಮೆಷಿನ್ನಿನಲ್ಲಿ ನೋಂದಾಯಿತರ ಸಂಖ್ಯೆ ತೋರಿಸುವ ಜಾಗವಿದೆ. ಘಟಕದಲ್ಲಿ 300 ಜನರಿದ್ದು ಅಲ್ಲಿ 700 ಎಂದು ಕಂಡರೆ, ಆ 400 ಜನರಿಗೆ ನೀವು ಕೊಟ್ಟ ಮಾತು ತಪ್ಪಿದೆ. ನೋಟಿಸಿನಲ್ಲಿ ಹೀಗೆ ಬರೆಯಿರಿ: ‘ಕೆಲಸ ಬಿಟ್ಟ ದಿನದಿಂದ 7 ದಿನದೊಳಗೆ ಎಲ್ಲ ಮೆಷಿನ್ ಮತ್ತು ಕಂಪ್ಯೂಟರಿನಿಂದ ಬೆರಳಿನ ಗುರುತು ಅಳಿಸಿ, ಅಳಿಸಿದ ಚೀಟಿ ಕೊಡಲಾಗುವುದು. ಹಾಜರಿಯ ದಿನಾಂಕ, ಸಮಯ ಮಾತ್ರ ಸಂಬಳದ ದಾಖಲೆಯಾಗಿ ಕಾನೂನು ಹೇಳಿದಷ್ಟು ಕಾಲ ಉಳಿಯುತ್ತದೆ.’ ಆ ಚೀಟಿಯನ್ನು ಫುಲ್ ಅಂಡ್ ಫೈನಲ್ ಸೆಟಲ್‌ಮೆಂಟಿನ ಕಾಗದಗಳ ಜೊತೆ ಸೇರಿಸಿದರೆ ಮರೆಯುವುದಿಲ್ಲ. ಕೆಟ್ಟ ಮೆಷಿನ್ ಗುಜರಿಗೆ ಹೋಗುವಾಗಲೂ ಮೊದಲು ಒಳಗಿನದನ್ನು ಅಳಿಸಿ ಕಳಿಸಬೇಕು.

ಬೆರಳು ಹಿಡಿಯದವರ ಕಥೆ ನಿಮಗೇ ಚೆನ್ನಾಗಿ ಗೊತ್ತು. ವಾಷಿಂಗ್ ಸೆಕ್ಷನ್ನಿನಲ್ಲಿ ರಾಸಾಯನಿಕದಲ್ಲಿ ಕೈಯಾಡಿಸುವವರು, ಮನೆಯಲ್ಲಿ ಪಾತ್ರೆ ತಿಕ್ಕಿ ಬೆರಳು ಸವೆದವರು, ವಯಸ್ಸಾದವರು. ಚಳಿಗಾಲದಲ್ಲಿ ಚರ್ಮ ಒಣಗಿದಾಗ ಇದು ಇನ್ನೂ ಜಾಸ್ತಿ. ನಾಲ್ಕೈದು ಸಲ ಒತ್ತಿ, ಹಿಂದೆ ಸಾಲು ಬೆಳೆದು, ಕೊನೆಗೆ ಹಿಡಿಯುವಷ್ಟರಲ್ಲಿ ತಡವಾಗಿ, ಸಂಬಳ ಕಟ್ಟಾಗುತ್ತದೆ. ಯಂತ್ರ ಓದಲಾರದ್ದಕ್ಕೆ ಕೆಲಸಗಾರರ ಜೇಬಿಗೆ ಕೈಹಾಕುವುದು ಅನ್ಯಾಯ. ‘ಮೂರು ಸಲ ಹಿಡಿಯದಿದ್ದರೆ ಗೇಟಿನ ರಿಜಿಸ್ಟರಿನಲ್ಲಿ ಸಹಿ ಮಾಡಿದ ಸಮಯವೇ ಲೆಕ್ಕ’ ಎಂಬ ಸಾಲು ನೋಟಿಸಿನಲ್ಲಿ ಇರಲೇಬೇಕು.

ಬೆರಳು ಕೊಡಲು ಇಷ್ಟವಿಲ್ಲದವರಿಗೂ ದಾರಿ ಬೇಕು. ಬ್ರಿಟನ್ನಿನಲ್ಲಿ 2024ರ ಫೆಬ್ರುವರಿಯಲ್ಲಿ ಅಲ್ಲಿನ ಮಾಹಿತಿ ಆಯುಕ್ತರ ಕಚೇರಿ, ಸರ್ಕೋ ಲೀಷರ್ ಎಂಬ ಕಂಪನಿಗೆ ಹಾಜರಾತಿಗಾಗಿ ಮುಖ ಮತ್ತು ಬೆರಳು ಬಳಸುವುದನ್ನು ನಿಲ್ಲಿಸಿ ಎಂದು ಆದೇಶ ಕೊಟ್ಟಿತು. 38 ಕೇಂದ್ರಗಳ 2,000ಕ್ಕೂ ಹೆಚ್ಚು ನೌಕರರು ಅದರಲ್ಲಿದ್ದರು. ಐಡಿ ಕಾರ್ಡಿನಂಥ ಹಗುರ ದಾರಿ ಇರುವಾಗ ಇದು ಯಾಕೆ ಅಗತ್ಯ ಎಂದು ಕಂಪನಿ ತೋರಿಸಿರಲಿಲ್ಲ, ಬೇಡವೆನ್ನುವ ಆಯ್ಕೆಯನ್ನು ನೌಕರರ ಮುಂದೆ ತಾನಾಗಿ ಇಟ್ಟಿರಲಿಲ್ಲ ಎಂಬುದು ಅಲ್ಲಿನ ತೀರ್ಮಾನ. ಅದು ಅವರ ದೇಶದ ಕಾನೂನು, ನಮ್ಮನ್ನು ಕಟ್ಟುವುದಿಲ್ಲ. ಆದರೆ ನಮ್ಮ 2011ರ ನಿಯಮಗಳಲ್ಲೂ ಮಾಹಿತಿ ಕೊಡದಿರುವ ಆಯ್ಕೆ ಇದೆ. ಹಾಗಾಗಿ ನೋಟಿಸಿನ ಕಾಗದ ಬೇರೆ, ಒಪ್ಪಿಗೆಯ ಕಾಗದ ಬೇರೆ ಇರಲಿ. ನೋಟಿಸಿಗೆ ಹಾಕುವ ಸಹಿ ‘ಓದಿದ್ದೇನೆ’ ಎಂಬುದಕ್ಕೆ ಮಾತ್ರ. ಒಪ್ಪಿಗೆಯ ಕಾಗದದಲ್ಲಿ ‘ಕಾರ್ಡ್ ಸಾಕು’ ಎಂಬ ಚೌಕವೂ ಇರಲಿ.

ಮಿತಿಗಳಲ್ಲಿ ಕೊನೆಯದಾಗಿ ನೋಡುವವರ ವಿಷಯ. ಡಿವಿಆರ್ ಕೋಣೆಗೆ ಬೀಗ ಹಾಕಿರುತ್ತಾರೆ, ಆದರೆ ಅದೇ ಚಿತ್ರ ಮಾಲೀಕರ, ಮ್ಯಾನೇಜರರ, ಕ್ಯಾಮೆರಾ ಹಾಕಿಕೊಟ್ಟ ಟೆಕ್ನಿಷಿಯನ್ನನ ಮೊಬೈಲಿನಲ್ಲಿ ಬರುತ್ತಿರುತ್ತದೆ. ಎಲ್ಲರಿಗೂ ಒಂದೇ `admin` ಲಾಗಿನ್ನು. ಆಗ ಯಾರು ನೋಡಿದರು ಎಂದು ಯಂತ್ರಕ್ಕೂ ಗೊತ್ತಾಗುವುದಿಲ್ಲ. ಒಬ್ಬೊಬ್ಬರಿಗೂ ಬೇರೆ ಬಳಕೆದಾರ ಹೆಸರು ಮಾಡಿಸಿ, ಕೆಲಸ ಮುಗಿಸಿದ ಟೆಕ್ನಿಷಿಯನ್ನನ ಪ್ರವೇಶ ತೆಗೆದುಹಾಕಿ, ಹಳೆಯ ದೃಶ್ಯ ನೋಡಬಲ್ಲವರನ್ನು ಹುದ್ದೆಯ ಹೆಸರಿನಿಂದ ನೋಟಿಸಿನಲ್ಲಿ ಬರೆಯಿರಿ. ಇಬ್ಬರೋ ಮೂವರೋ ಸಾಕು. ಪರದೆಯನ್ನು ಮೊಬೈಲಿನಲ್ಲಿ ಚಿತ್ರ ತೆಗೆದು ವಾಟ್ಸಾಪಿಗೆ ಹಾಕುವುದು ಶಿಕ್ಷಾರ್ಹ ಎಂಬುದೂ ಅಲ್ಲೇ ಇರಲಿ.

ಮಾತು ಮುಗಿದ ಮೇಲೆ ಕಾರ್ಮಿಕ ಪ್ರತಿನಿಧಿಯೊಬ್ಬರು ಕೇಳಿದರು: ‘ಸಾರ್, ನಮ್ಮ ಲೈನಿನಲ್ಲಿ ಅರ್ಧ ಜನ ಒಡಿಶಾ, ಜಾರ್ಖಂಡಿನವರು. ಕನ್ನಡ ನೋಟಿಸು ಅವರಿಗೆ ಏನು ಪ್ರಯೋಜನ?’ ಬಹಳ ಸರಿಯಾದ ಪ್ರಶ್ನೆ. ಕಾರ್ಖಾನೆ ನೋಟಿಸುಗಳು ಹೆಚ್ಚಿನ ಕೆಲಸಗಾರರಿಗೆ ತಿಳಿಯುವ ಭಾಷೆಯಲ್ಲಿರಬೇಕು ಎಂದು 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು. ಹೊಸ ದತ್ತಾಂಶ ಕಾಯ್ದೆ ಒಪ್ಪಿಗೆಯ ನೋಟಿಸನ್ನು ಸಂವಿಧಾನದ 8ನೇ ಅನುಸೂಚಿಯ ಯಾವ ಭಾಷೆಯಲ್ಲಾದರೂ ಓದುವ ಅವಕಾಶ ಕೊಡಬೇಕೆನ್ನುತ್ತದೆ. ಅದರಲ್ಲಿ ಕನ್ನಡವಿದೆ, ಒಡಿಯಾ ಇದೆ, ಹಿಂದಿ ಇದೆ, ಸಂತಾಲಿಯೂ ಇದೆ. ಹಾಗಾಗಿ ಕನ್ನಡದ ಪಕ್ಕದಲ್ಲಿ ಒಡಿಯಾ ಮತ್ತು ಹಿಂದಿ ಪ್ರತಿಗಳನ್ನು ಅಂಟಿಸಿ. ಓದಲು ಬಾರದವರಿಗೆ ಸೇರುವ ದಿನವೇ ಅವರ ಭಾಷೆ ಬಲ್ಲವರಿಂದ ಓದಿಸಿ, ಓದಿದವರ ಹೆಸರು ಬರೆದಿಡಿ.

ಇನ್ನೊಬ್ಬರು, ‘ದಾಖಲೆ ತೋರಿಸಿ ಎಂದು ಕೇಳುವ ಹಕ್ಕು ನಮಗಿದೆಯೇ’ ಎಂದರು. ಹೊಸ ಕಾಯ್ದೆಯ 11ನೇ ಸೆಕ್ಷನ್ನಿನ ಆ ಹಕ್ಕು ಒಪ್ಪಿಗೆಯ ಮೇಲೆ ಪಡೆದ ಮಾಹಿತಿಗೆ ಸೇರಿದ್ದು. ಮಾಲೀಕರು 7ನೇ ಸೆಕ್ಷನ್ನಿನ ಉದ್ಯೋಗದ ಕಾರಣವನ್ನು ಹಿಡಿದರೆ ಅದು ಸಿಗುವುದಿಲ್ಲ, ದೂರು ಹೇಳಿಕೊಳ್ಳುವ 13ನೇ ಸೆಕ್ಷನ್ನಿನ ಹಕ್ಕು ಉಳಿಯುತ್ತದೆ. ಕಾನೂನಿನಲ್ಲಿರುವ ಈ ಬಿರುಕನ್ನು ನೋಟಿಸಿನಲ್ಲೇ ಮುಚ್ಚಬಹುದು. ‘ಸಂಬಳ ಕಡಿತವಾದವರು ಆ ದಿನದ ಹಾಜರಿ ದಾಖಲೆಯನ್ನೂ ಗೇಟಿನ ದೃಶ್ಯವನ್ನೂ ಪ್ರತಿನಿಧಿಯೊಬ್ಬರ ಜೊತೆ ಬಂದು ನೋಡಬಹುದು’ ಎಂದು ಬರೆಸಿಕೊಳ್ಳಿ. ಆ ಕೋರಿಕೆ 30 ದಿನದೊಳಗೆ ಕೊಡಬೇಕೆಂಬುದನ್ನೂ ಜೊತೆಗೇ ಸೇರಿಸಿ, ಯಾಕೆಂದರೆ ಆಮೇಲೆ ತೋರಿಸಲು ಡಿಸ್ಕಿನಲ್ಲಿ ಏನೂ ಉಳಿದಿರುವುದಿಲ್ಲ.